ಎರಡೂ ಕಡೆ ಮಾರಿದವನ ಜೂನ್ 4

2024ರ ಜೂನ್ 3, ಸೋಮವಾರ. ಲೋಕಸಭೆ ಚುನಾವಣೆಯ ಮತ ಎಣಿಕೆಗೆ ಒಂದು ರಾತ್ರಿ ಬಾಕಿ. ಶನಿವಾರ ಸಂಜೆ ಬಂದಿದ್ದ ಎಕ್ಸಿಟ್ ಪೋಲ್‌ಗಳು ಆಡಳಿತ ಪಕ್ಷಕ್ಕೆ ಭಾರಿ ಬಹುಮತ ಎಂದಿದ್ದವು. ಅದನ್ನು ನಂಬಿದ ಷೇರುಪೇಟೆ ಒಂದೇ ದಿನದಲ್ಲಿ ಜಿಗಿದು ನಿಂತಿತ್ತು. ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 733 ಅಂಕ ಏರಿ 23,263.90ರಲ್ಲಿ ಮುಗಿದಿತ್ತು. ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವುದು ಗುರುವಾರ, ಜೂನ್ 6ಕ್ಕೆ.

ಫಲಿತಾಂಶದ ಹಿಂದಿನ ದಿನ ಆಪ್ಷನ್‌ಗಳ ಬೆಲೆ ಉಬ್ಬಿರುತ್ತದೆ. ನಾಳೆ ಏನೋ ಆಗಲಿದೆ ಎಂಬುದು ಎಲ್ಲರಿಗೂ ಗೊತ್ತು, ಏನು ಎಂಬುದು ಮಾತ್ರ ಗೊತ್ತಿಲ್ಲ. ಹಾಗಾಗಿ ರಕ್ಷಣೆಗೂ ಜೂಜಿಗೂ ಜನ ಹೆಚ್ಚು ಹಣ ಕೊಟ್ಟು ಆಪ್ಷನ್ ಕೊಳ್ಳುತ್ತಾರೆ. ಇಂಥ ಸಂಜೆಗಾಗಿಯೇ ಕಾದು ಕುಳಿತವರೂ ಇರುತ್ತಾರೆ. ಅವರು ಕೊಳ್ಳುವವರಲ್ಲ, ಮಾರುವವರು. ಅವರ ಲೆಕ್ಕಾಚಾರ ಸರಳ: ಎಕ್ಸಿಟ್ ಪೋಲ್ ಬಂದಾಯಿತು, ಪೇಟೆ ಏರಬೇಕಾದಷ್ಟು ಏರಿಯಾಯಿತು, ನಾಳೆ ಮಧ್ಯಾಹ್ನದ ಹೊತ್ತಿಗೆ ಗೊಂದಲವೆಲ್ಲ ಮುಗಿದಿರುತ್ತದೆ. ಗೊಂದಲ ಮುಗಿದರೆ ಉಬ್ಬಿದ ಬೆಲೆ ಇಳಿಯಲೇಬೇಕು. ಇವತ್ತು ದುಬಾರಿಗೆ ಮಾರಿ ಎರಡು ದಿನ ಬಿಟ್ಟು ಅಗ್ಗಕ್ಕೆ ಮರಳಿ ಕೊಂಡರೆ ಆಯಿತಲ್ಲ!

ಹಾಗೆ ಮಾರುವ ಒಂದು ಬಗೆಯೇ ಶಾರ್ಟ್ ಸ್ಟ್ರಾಡಲ್. ಇದನ್ನು ಅರ್ಥ ಮಾಡಿಕೊಳ್ಳಲು ಎರಡು ಒಪ್ಪಂದಗಳು ಗೊತ್ತಿದ್ದರೆ ಸಾಕು. ನಿಗದಿತ ಮಟ್ಟಕ್ಕಿಂತ ನಿಫ್ಟಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಹಣ ಪಡೆಯುವ ಹಕ್ಕನ್ನು ಕೊಂಡವನಿಗೆ ಕೊಡುವುದು ಕಾಲ್. ಅದೇ ಮಟ್ಟಕ್ಕಿಂತ ಎಷ್ಟು ಕೆಳಗೆ ಹೋಗುತ್ತದೋ ಅಷ್ಟನ್ನು ಕೊಡುವುದು ಪುಟ್. ಆ ನಿಗದಿತ ಮಟ್ಟವೇ ಸ್ಟ್ರೈಕ್. ಈ ಹಕ್ಕಿಗಾಗಿ ಕೊಂಡವನು ಮಾರಿದವನಿಗೆ ಮೊದಲೇ ಕೊಡುವ ಬೆಲೆ ಪ್ರೀಮಿಯಂ. ಒಂದೇ ಸ್ಟ್ರೈಕ್‌ನ, ಒಂದೇ ಅವಧಿಯ ಕಾಲ್ ಮತ್ತು ಪುಟ್ ಎರಡನ್ನೂ ಒಟ್ಟಿಗೆ ಮಾರಿದರೆ ಶಾರ್ಟ್ ಸ್ಟ್ರಾಡಲ್ ಆಯಿತು. ಪೇಟೆ ಮೇಲೆ ಹೋಗುತ್ತದೆ ಎಂದಾಗಲಿ ಕೆಳಗೆ ಬರುತ್ತದೆ ಎಂದಾಗಲಿ ಮಾರಿದವನು ಹೇಳುತ್ತಿಲ್ಲ. ಹೆಚ್ಚು ಕದಲುವುದಿಲ್ಲ ಎಂದಷ್ಟೇ ಅವನ ಪಣ.

ಲೆಕ್ಕ ಹಾಕಿ ನೋಡೋಣ. ಜೂನ್ 3ರ ಸಂಜೆಯ ನಿಫ್ಟಿಗೆ ತೀರ ಹತ್ತಿರದ ಸ್ಟ್ರೈಕ್ 23,250. ಪ್ರೀಮಿಯಂಗಳನ್ನು ಲೆಕ್ಕದ ಅನುಕೂಲಕ್ಕೆ ದುಂಡು ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತೇನೆ: ಕಾಲ್ 360, ಪುಟ್ 340. ಮಾರಿದವನ ಕೈಗೆ ಒಟ್ಟು 700 ಅಂಕ ಬಂತು. ಆಗ ಈ ವಾರದ ಒಪ್ಪಂದದ ಒಂದು ಲಾಟ್ ಎಂದರೆ 25. ಅಂದರೆ ಒಂದು ಲಾಟಿಗೆ 17,500 ರೂಪಾಯಿ. ಅವನಿಗೆ ಸಿಗಬಹುದಾದ ಅತಿ ಹೆಚ್ಚಿನ ಲಾಭ ಇಷ್ಟೇ. ಅದೂ ಗುರುವಾರದ ಕೊನೆಗೆ ನಿಫ್ಟಿ ಸರಿಯಾಗಿ 23,250ರಲ್ಲಿ ನಿಂತು, ಎರಡೂ ಆಪ್ಷನ್‌ಗಳು ಸೊನ್ನೆಯಾದರೆ ಮಾತ್ರ. ಅಂಥ ದಿನ ಬರುವುದು ಅಪರೂಪ.

ಗುರುವಾರ ನಿಫ್ಟಿ 23,450ಕ್ಕೆ ಮುಗಿಯಿತು ಎನ್ನಿ. ಪುಟ್ ಸೊನ್ನೆ, ಕಾಲ್ 200. ಮಾರಿದವನು 700ರಲ್ಲಿ 200 ಕೊಟ್ಟು 500 ಉಳಿಸಿಕೊಳ್ಳುತ್ತಾನೆ. 23,950ಕ್ಕೆ ಹೋದರೆ ಕಾಲ್ 700 ಆಗುತ್ತದೆ. ಬಂದದ್ದೆಲ್ಲ ಹೋಯಿತು, ಲಾಭವೂ ಇಲ್ಲ ನಷ್ಟವೂ ಇಲ್ಲ. ಕೆಳಗಿನ ಕಡೆಯೂ ಹಾಗೆಯೇ, 22,550ಕ್ಕೆ ಇಳಿದರೆ ಪುಟ್ 700. ಇವೆರಡೇ ಬ್ರೇಕ್‌ಈವನ್, ಸರಿಸಮದ ಬಿಂದುಗಳು. ಸ್ಟ್ರೈಕ್‌ಗೆ ಒಟ್ಟು ಪ್ರೀಮಿಯಂ ಕೂಡಿಸಿದರೆ ಮೇಲಿನದು, ಕಳೆದರೆ ಕೆಳಗಿನದು. ಬ್ರೋಕರೇಜು, ತೆರಿಗೆಗಳನ್ನು ಹಿಡಿದರೆ ಎರಡೂ ಬಿಂದುಗಳು ಇನ್ನೊಂದಿಷ್ಟು ಒಳಗೆ ಸರಿಯುತ್ತವೆ, ಅದು ಸಣ್ಣ ವಿಷಯ.

ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಎರಡು ತುದಿಗಳ ನಡುವೆ 1,400 ಅಂಕಗಳ ಬಯಲು. ಮೂರು ದಿನದಲ್ಲಿ ನಿಫ್ಟಿ ಶೇಕಡ 3ರಷ್ಟು ಅತ್ತ ಅಥವಾ ಇತ್ತ ಹೋದರೂ ಮಾರಿದವನಿಗೆ ಧಕ್ಕೆಯಿಲ್ಲ. ಸಾಮಾನ್ಯ ವಾರದಲ್ಲಿ ಅಷ್ಟು ಚಲನೆ ಇರುವುದಿಲ್ಲ. ಆದರೆ ಆ 700 ಅಂಕ ಸುಮ್ಮನೆ ಬಂದದ್ದಲ್ಲವಲ್ಲ! ದೊಡ್ಡ ಚಲನೆ ಸಾಧ್ಯ ಎಂದು ಪೇಟೆಗೆ ಅನ್ನಿಸಿದ್ದರಿಂದಲೇ ಪ್ರೀಮಿಯಂ ಅಷ್ಟಿತ್ತು. ಪ್ರೀಮಿಯಂ ದಪ್ಪವಾಗಿದೆ ಎಂದು ಖುಷಿಪಡುವ ಮಾರಾಟಗಾರ ಎಷ್ಟೋ ಸಲ ಮರೆಯುವುದು ಇದನ್ನೇ.

ಮಂಗಳವಾರ ಬೆಳಿಗ್ಗೆ ಎಣಿಕೆ ಶುರುವಾಯಿತು. ಎಕ್ಸಿಟ್ ಪೋಲ್ ಹೇಳಿದಂತೆ ಆಗಲಿಲ್ಲ. ಬಿಜೆಪಿ 240ರಲ್ಲಿ ನಿಂತಿತು. ಸ್ವಂತ ಬಲದ ಬಹುಮತಕ್ಕೆ 272 ಬೇಕಿತ್ತು. ಮುನ್ನಡೆಗಳ ಸಂಖ್ಯೆ ಟಿ.ವಿ. ಪರದೆಯ ಮೇಲೆ ಇಳಿಯುತ್ತ ಹೋದಂತೆ ನಿಫ್ಟಿಯೂ ಇಳಿಯಿತು. ದಿನದ ಕನಿಷ್ಠ 21,281.45. ಹಿಂದಿನ ಸಂಜೆಗಿಂತ 1,982 ಅಂಕ, ಶೇಕಡ ಎಂಟೂವರೆ ಕೆಳಗೆ. ಕೊನೆಗೆ ಸ್ವಲ್ಪ ಸಾವರಿಸಿಕೊಂಡು 21,884.50ರಲ್ಲಿ ಮುಗಿಯಿತು.

ನಮ್ಮ ಮಾರಾಟಗಾರನ ಪುಟ್ ಈಗ ಎಷ್ಟಾಯಿತು? ದಿನದ ಕನಿಷ್ಠದಲ್ಲಿ ಅದರ ನೇರ ಮೌಲ್ಯ 23,250ರಿಂದ 21,281.45 ಕಳೆದರೆ ಬರುವ 1,968 ಅಂಕ. ಕೈಗೆ ಬಂದದ್ದು 700. ವ್ಯತ್ಯಾಸ 1,268 ಅಂಕ. ಒಂದು ಲಾಟಿಗೆ ಸುಮಾರು 31,700 ರೂಪಾಯಿ ನಷ್ಟ. ಹತ್ತು ಲಾಟ್ ಮಾರಿದ್ದವನಿಗೆ 3.17 ಲಕ್ಷ. ಇನ್ನೊಂದು ಕಡೆಯ ಕಾಲ್ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ, ನಿಜ. ಆದರೆ ಆ ಕಾಲ್ ಕೊಡಬಹುದಾದ ನೆರವು ಅದರ 360 ಅಂಕ ಮಾತ್ರ. ಅದನ್ನು ಆಗಲೇ ಲೆಕ್ಕಕ್ಕೆ ಹಿಡಿದಾಗಿದೆ. ಸ್ಟ್ರಾಡಲ್‌ನ ಇಡೀ ಕಥೆ ಈ ಅಸಮಾನತೆಯಲ್ಲಿದೆ. ಗೆದ್ದ ಕಡೆ ಸೊನ್ನೆಯ ಹತ್ತಿರ ಬಂದು ನಿಂತುಬಿಡುತ್ತದೆ, ಅದಕ್ಕಿಂತ ಹೆಚ್ಚು ಕೊಡಲು ಅದರಲ್ಲಿ ಏನೂ ಇಲ್ಲ. ಸೋತ ಕಡೆಗೆ ನಿಲ್ಲುವ ಜಾಗವೇ ಇಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಮಾರಿದ ಕ್ಷಣದಲ್ಲಿ ಈ ವ್ಯವಹಾರ ಎರಡೂ ಕಡೆ ಸಮ ತೂಗುತ್ತದೆ. ನಿಫ್ಟಿ ಹತ್ತು ಅಂಕ ಇಳಿದರೆ ಪುಟ್‌ನಲ್ಲಿ ಹೋದದ್ದು ಕಾಲ್‌ನಲ್ಲಿ ಬರುತ್ತದೆ. ಇಳಿತ ಮುಂದುವರಿದಂತೆ ಆ ಸಮತೋಲ ತಪ್ಪುತ್ತದೆ. ಕಾಲ್ ನಿಸ್ಸತ್ವವಾಗುತ್ತ, ಪುಟ್ ನಿಫ್ಟಿಯ ಜೊತೆಗೆ ಅಂಕಕ್ಕೆ ಅಂಕ ಚಲಿಸತೊಡಗುತ್ತದೆ. ಮೊದಲ 200 ಅಂಕಗಳ ಇಳಿತ ಕೊಟ್ಟ ನೋವಿಗಿಂತ ನಂತರದ 200 ಅಂಕಗಳದು ಹೆಚ್ಚು. ಪೇಟೆ ಯಾವ ಕಡೆ ಹೋದರೂ ನನಗೇನು ಎಂದು ಕೂತವನು, ಪೇಟೆ ಬೀಳುವ ಹೊತ್ತಿನಲ್ಲೇ, ಏರಿದರೆ ಬದುಕಿದೆ ಎಂದು ಪ್ರಾರ್ಥಿಸುವವನಾಗಿರುತ್ತಾನೆ. ಮಾರುವಾಗ ಅವನಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅಭಿಪ್ರಾಯವನ್ನು ಪೇಟೆಯೇ ಅವನ ಮೇಲೆ ಹೇರಿತು, ಅದೂ ತಪ್ಪಾದ ಅಭಿಪ್ರಾಯವನ್ನು. ಇದರ ಜೊತೆಗೆ ಭಯ ಹೆಚ್ಚಿದಾಗ ಆಪ್ಷನ್‌ಗಳ ಬೆಲೆಯೇ ಉಬ್ಬುತ್ತದೆ. ಆ ದಿನ ಭಯದ ಅಳತೆಗೋಲಾದ ಇಂಡಿಯಾ ವಿಕ್ಸ್ 30 ದಾಟಿತ್ತು. ಇಳಿಯುತ್ತದೆ ಎಂದು ನಂಬಿ ಮಾರಿದ್ದ ಉಬ್ಬರ ಏರಿಯೇಬಿಟ್ಟಿತ್ತು.

ಆಮೇಲೆ ಏನಾಯಿತು ಎಂಬುದು ಈ ಪ್ರಸಂಗದ ವಿಚಿತ್ರ ಭಾಗ. ಬುಧವಾರ ನಿಫ್ಟಿ 735 ಅಂಕ ಏರಿತು. ಗುರುವಾರ ಇನ್ನಷ್ಟು ಏರಿ, ಅವಧಿ ಮುಗಿದಾಗ 22,821.40ರಲ್ಲಿತ್ತು. ನಮ್ಮ ಲೆಕ್ಕದ ಕೆಳಗಿನ ಸರಿಸಮ ಬಿಂದು 22,550. ಅಂದರೆ ನಿಫ್ಟಿ ಬಯಲಿನೊಳಕ್ಕೆ ಮರಳಿ ಬಂದಿತ್ತು! ಪುಟ್‌ನ ಕೊನೆಯ ಮೌಲ್ಯ 428.60. ಪಡೆದ 700ರಲ್ಲಿ ಅದನ್ನು ಕಳೆದರೆ 271 ಅಂಕ, ಒಂದು ಲಾಟಿಗೆ 6,785 ರೂಪಾಯಿ ಲಾಭ. ಸೋಮವಾರ ಮಾರಿ, ಮೊಬೈಲ್ ಆರಿಸಿ, ಗುರುವಾರ ಸಂಜೆ ತೆರೆದವನು ಲಾಭದಲ್ಲಿದ್ದ.

ಹಾಗಾದರೆ ಅಲ್ಲಾಡದೆ ಕೂರುವುದೇ ಸರಿಯಾದ ದಾರಿಯೇ? ಕೂರಲು ಬಿಟ್ಟರೆ ತಾನೇ! ಆಪ್ಷನ್ ಮಾರುವವನು ಪ್ರೀಮಿಯಂ ಪಡೆಯುವುದರ ಜೊತೆಗೆ ಬ್ರೋಕರ್ ಬಳಿ ಮಾರ್ಜಿನ್ ಇಡಬೇಕು. ಈ ಮಾರ್ಜಿನ್ ಒಮ್ಮೆ ಇಟ್ಟು ಮರೆಯುವ ಠೇವಣಿಯಲ್ಲ. ಬೆಲೆಯೂ ಏರಿಳಿತವೂ ಇಷ್ಟಿಷ್ಟು ಬದಲಾದರೆ ಕೆಟ್ಟ ಸಂದರ್ಭದಲ್ಲಿ ಎಷ್ಟು ನಷ್ಟವಾಗಬಹುದು ಎಂದು ಹಲವು ಸನ್ನಿವೇಶಗಳನ್ನು ಲೆಕ್ಕ ಹಾಕಿ ವಿನಿಮಯ ಕೇಂದ್ರ ಅದನ್ನು ನಿಗದಿ ಮಾಡುತ್ತದೆ. ಪೇಟೆ ಕುಸಿದಾಗ ಎರಡು ಕಡೆಯಿಂದ ಒತ್ತಡ: ಮಾರಿದ ಪುಟ್ ದುಬಾರಿಯಾಗಿದೆ, ಅಳತೆಯ ಸನ್ನಿವೇಶಗಳೂ ಕೆಟ್ಟಿವೆ. ಖಾತೆಯಲ್ಲಿ ಹಣ ಸಾಲದಿದ್ದರೆ ಬ್ರೋಕರ್ ಮೊದಲು ಸಂದೇಶ ಕಳಿಸುತ್ತಾನೆ. ಹಣ ಬರದಿದ್ದರೆ ಒಪ್ಪಂದವನ್ನು ತಾನೇ ಮುಚ್ಚಿಬಿಡುತ್ತಾನೆ. ಮುಚ್ಚುವುದೆಂದರೆ ಆ ಹೊತ್ತಿನ ಬೆಲೆಗೆ ಪುಟ್ಟನ್ನು ಮರಳಿ ಕೊಳ್ಳುವುದು. ಬೆಲೆ ಅತ್ಯಂತ ಕೆಟ್ಟದಾಗಿರುವ ಹೊತ್ತಿನಲ್ಲೇ ಈ ಬಲವಂತದ ಕೊಳ್ಳುವಿಕೆ ನಡೆಯುತ್ತದೆ. ಗುರುವಾರದ 6,785 ರೂಪಾಯಿ ಲಾಭ ಅವನದಲ್ಲ. ಮಂಗಳವಾರ ಮಧ್ಯಾಹ್ನವೇ ಅವನನ್ನು ಹೊರಹಾಕಿಯಾಗಿದೆ. ಸರಿಸಮ ಬಿಂದುಗಳ ಲೆಕ್ಕ ನಿಜವಾಗುವುದು ಅವಧಿಯ ಕೊನೆಯ ದಿನ ಮಾತ್ರ. ಅಲ್ಲಿಯವರೆಗೆ ಬದುಕುಳಿಯಲು ಎಷ್ಟು ಹಣ ಬೇಕು ಎಂಬುದನ್ನು ಆ ಲೆಕ್ಕ ಹೇಳುವುದೇ ಇಲ್ಲ.

ಹಣವಿದ್ದರೂ ಧೈರ್ಯ ಸಾಲದೆ ಹೊರಬಂದವರ ಲೆಕ್ಕವೂ ನೋಡುವಂಥದ್ದೇ. ಕೆಲವರು ಒಟ್ಟು ಪ್ರೀಮಿಯಂ ದುಪ್ಪಟ್ಟಾದರೆ ಹೊರಬರುವ ನಿಯಮ ಇಟ್ಟುಕೊಂಡಿರುತ್ತಾರೆ. ನಮ್ಮ ಉದಾಹರಣೆಯಲ್ಲಿ 1,400ಕ್ಕೆ ಮರಳಿ ಕೊಂಡರೆ 700 ಅಂಕ, ಲಾಟಿಗೆ 17,500 ನಷ್ಟ. ಅದು ಕೂಡ ಆರ್ಡರ್ ಹಾಕಿದ ಬೆಲೆಗೇ ಸಿಕ್ಕರೆ. ಪೇಟೆ ಓಡುತ್ತಿರುವಾಗ 1,400 ಎಂದು ಬರೆದದ್ದು ಅದಕ್ಕಿಂತ ಮೇಲೆಲ್ಲೋ ಸಿಗುವುದು ಸಾಮಾನ್ಯ. ಇನ್ನು ಕೆಲವರು ‘ಅಡ್ಜಸ್ಟ್’ ಮಾಡುತ್ತಾರೆ. ಪುಟ್‌ನ ನಷ್ಟ ತಡೆಯಲು ನಿಫ್ಟಿ ಫ್ಯೂಚರ್ ಮಾರುತ್ತಾರೆ, ನಿಫ್ಟಿ ಇನ್ನಷ್ಟು ಬಿದ್ದರೆ ಫ್ಯೂಚರ್‌ನಲ್ಲಿ ಬಂದದ್ದು ಪುಟ್‌ನಲ್ಲಿ ಹೋದದ್ದನ್ನು ಸರಿಗಟ್ಟಲಿ ಎಂದು. ಒಬ್ಬ ನಿಫ್ಟಿ 21,600ರಲ್ಲಿದ್ದಾಗ ಹಾಗೆ ಮಾಡಿದ ಎನ್ನಿ. ಆ ಕ್ಷಣಕ್ಕೆ ಅವನ ನಷ್ಟ 950 ಅಂಕ, ಇನ್ನು ಕೆಳಗೆ ಹೋದರೂ ಅದು ಬೆಳೆಯದು. ಆದರೆ ಗುರುವಾರ ನಿಫ್ಟಿ 22,821ಕ್ಕೆ ಬಂದಾಗ ಸ್ಟ್ರಾಡಲ್‌ನಲ್ಲಿ 271 ಅಂಕ ಲಾಭವಿದ್ದರೂ ಮಾರಿದ ಫ್ಯೂಚರ್‌ನಲ್ಲಿ 1,221 ಅಂಕ ಹೋಗಿರುತ್ತದೆ. ಕೂಡಿ ಕಳೆದರೆ ಅದೇ 950. ಬೀಳುವಾಗ ಮಾರಿ, ಏರುವಾಗ ಕೊಳ್ಳುವ ಈ ಆಟವನ್ನು ನಡುವೆ ಎರಡು ಮೂರು ಸಲ ಆಡಿದವರ ಸ್ಥಿತಿ ಇನ್ನೂ ಕೆಟ್ಟದ್ದು.

ಜೂನ್ 4ರ ಕುಸಿತ ಎರಡು ದಿನದಲ್ಲಿ ಬಹುಪಾಲು ವಾಪಸಾಯಿತು. ಹಾಗೆ ವಾಪಸಾಗಲೇಬೇಕೆಂದು ಯಾವ ನಿಯಮವೂ ಇಲ್ಲ. ಬ್ಯಾರಿಂಗ್ಸ್ ಎಂಬ ಲಂಡನ್ನಿನ ಬ್ಯಾಂಕಿನ ಸಿಂಗಪುರ ಕಚೇರಿಯಲ್ಲಿದ್ದ ನಿಕ್ ಲೀಸನ್ ಕಂಡದ್ದು ವಾಪಸಾಗದ ಕುಸಿತವನ್ನು. ಆತ ತನ್ನ ಹಳೆಯ ನಷ್ಟಗಳನ್ನು 88888 ಎಂಬ ಸಂಖ್ಯೆಯ ಖಾತೆಯಲ್ಲಿ ಬಚ್ಚಿಟ್ಟಿದ್ದ. ಆ ಗುಂಡಿ ತುಂಬಲು ಜಪಾನಿನ ನಿಕೈ ಸೂಚ್ಯಂಕದ ಮೇಲೆ ದೊಡ್ಡ ಪ್ರಮಾಣದಲ್ಲಿ ಸ್ಟ್ರಾಡಲ್ ಮಾರುತ್ತಿದ್ದ. ಮಾರಿದ ಕೂಡಲೇ ಪ್ರೀಮಿಯಂ ನಗದಾಗಿ ಬರುತ್ತದಲ್ಲ, ಸ್ಟ್ರಾಡಲ್ ಮಾರಾಟದ ಆಕರ್ಷಣೆಯೂ ಅಪಾಯವೂ ಅದರಲ್ಲೇ ಇದೆ. ಹೊಣೆ ಮುಂದಿನದು, ಹಣ ಇವತ್ತಿನದು. ನಿಕೈ 19,000ದ ಆಸುಪಾಸಿನಲ್ಲಿ ಸುಮ್ಮನಿದ್ದರೆ ಆತ ಬಚಾವ್.

1995ರ ಜನವರಿ 17ರ ನಸುಕಿನಲ್ಲಿ ಕೋಬೆಯಲ್ಲಿ ಭೂಕಂಪವಾಯಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಮನಿಸಬೇಕಾದ ಸಂಗತಿ ಎಂದರೆ, ಪೇಟೆ ಅವತ್ತೇ ಕುಸಿಯಲಿಲ್ಲ. ಆ ವಾರ ಅದು ಮೆಲ್ಲಗೆ ಜಾರಿತು. ಹಾನಿಯ ನಿಜವಾದ ಗಾತ್ರ ಅರಿವಿಗೆ ಬಂದ ಮುಂದಿನ ಸೋಮವಾರ, 23ರಂದು, ಒಂದೇ ದಿನ 1,000 ಅಂಕಕ್ಕೂ ಹೆಚ್ಚು ಬಿದ್ದು 18,000ಕ್ಕಿಂತ ಕೆಳಗೆ ಹೋಯಿತು. ನಡುವೆ ಹೊರಬರಲು ದಿನಗಳಿದ್ದವು. ಲೀಸನ್ ಹೊರಬರಲಿಲ್ಲ, ಬದಲಿಗೆ ಸೂಚ್ಯಂಕವನ್ನು ಎತ್ತಿ ಹಿಡಿಯುವಂತೆ ರಾಶಿ ರಾಶಿ ಫ್ಯೂಚರ್ಸ್ ಕೊಂಡ. ಪೇಟೆ ಎತ್ತಲ್ಪಡಲಿಲ್ಲ. ಫೆಬ್ರುವರಿಯ ಕೊನೆಯ ವಾರ ಬ್ಯಾಂಕು ಮುಳುಗಿತು; ಒಟ್ಟು ನಷ್ಟ 82 ಕೋಟಿ ಪೌಂಡ್‌ಗೂ ಹೆಚ್ಚು. 1762ರಲ್ಲಿ ಶುರುವಾದ ಆ ಬ್ಯಾಂಕನ್ನು ಡಚ್ ಸಂಸ್ಥೆ ಐಎನ್‌ಜಿ ಒಂದು ಪೌಂಡಿಗೆ ಕೊಂಡಿತು. ಆ ನಷ್ಟವೆಲ್ಲ ಸ್ಟ್ರಾಡಲ್‌ನದ್ದೇ ಎಂದರೆ ತಪ್ಪಾಗುತ್ತದೆ. ಫ್ಯೂಚರ್ಸ್‌ನ ಪಾಲು ದೊಡ್ಡದು. ಆದರೆ ಸ್ಟ್ರಾಡಲ್ ತೋಡಿದ ಹಳ್ಳದಿಂದ ಮೇಲೇಳಲು ಹೋಗಿಯೇ ಆ ಫ್ಯೂಚರ್ಸ್ ಇನ್ನಷ್ಟು ಬೆಳೆದದ್ದು.

ವಿಮಾ ಕಂಪನಿಗಳೂ ಪ್ರೀಮಿಯಂ ಪಡೆದು ಅಪಾಯ ಹೊರುತ್ತವೆ, ಅವು ಮುಳುಗುವುದಿಲ್ಲವಲ್ಲ ಎಂದು ಸ್ಟ್ರಾಡಲ್ ಮಾರುವವರು ವಾದಿಸುವುದನ್ನು ಕೇಳಿದ್ದೇನೆ. ವಿಮಾ ಕಂಪನಿ ಸಾವಿರ ಊರುಗಳ ಸಾವಿರ ಮನೆಗಳಿಗೆ ವಿಮೆ ಕೊಡುತ್ತದೆ. ಎಲ್ಲ ಮನೆಗೂ ಒಂದೇ ದಿನ ಬೆಂಕಿ ಬೀಳುವುದಿಲ್ಲ. ಹತ್ತು ಲಾಟ್ ನಿಫ್ಟಿ ಸ್ಟ್ರಾಡಲ್ ಮಾರಿದವನು ವಿಮೆ ಮಾಡಿರುವುದು ಒಂದೇ ಮನೆಗೆ, ಹತ್ತು ಸಲ. ಅವನ ಹಿಂದಿನ ವಾರಗಳ ಗಳಿಕೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಶಾಂತ ವಾರದಲ್ಲಿ ಪಡೆದ ಪ್ರೀಮಿಯಂನ ಬಹುಪಾಲು ಪೇಟೆಯ ಸಣ್ಣಪುಟ್ಟ ಚಲನೆಗೇ ಹೋಗಿ, ಕೈಯಲ್ಲಿ ಉಳಿಯುವುದು ಸ್ವಲ್ಪ. ವಾರಕ್ಕೆ ಸರಾಸರಿ 40 ಅಂಕ ಉಳಿಯುತ್ತದೆ ಎಂದುಕೊಂಡರೂ 950 ಅಂಕದ ಒಂದು ನಷ್ಟ ಸುಮಾರು 24 ವಾರಗಳ ದುಡಿಮೆಯನ್ನು ಒಂದು ಮಧ್ಯಾಹ್ನದಲ್ಲಿ ಒರೆಸಿಹಾಕುತ್ತದೆ. ಅದಕ್ಕಿಂತ ಕೆಟ್ಟದ್ದು, ಆ 24 ವಾರಗಳು ಕಲಿಸಿದ ಪಾಠ. ಪ್ರತಿ ವಾರ ಗೆದ್ದವನು ಲಾಟ್‌ಗಳನ್ನು ಹೆಚ್ಚಿಸುತ್ತ ಬಂದಿರುತ್ತಾನೆ. ದೊಡ್ಡ ಚಲನೆ ಅವನನ್ನು ಹಿಡಿಯುವುದು ಅವನ ಪಣ ಅತಿ ದೊಡ್ಡದಿರುವಾಗ.

ಈ ತೆರೆದ ತುದಿಗಳನ್ನು ಮುಚ್ಚಲು ಒಂದು ದಾರಿ ಇದೆ. ಸ್ಟ್ರಾಡಲ್ ಮಾರುವುದರ ಜೊತೆಗೆ ದೂರದ ಸ್ಟ್ರೈಕ್‌ಗಳಲ್ಲಿ ಒಂದು ಕಾಲ್, ಒಂದು ಪುಟ್ ಕೊಳ್ಳುವುದು. ವ್ಯಾಪಾರಿಗಳ ಬಾಯಲ್ಲಿ ಇವು ‘ವಿಂಗ್ಸ್’, ಇಡೀ ಜೋಡಣೆ ‘ಐರನ್ ಫ್ಲೈ’. ನಮ್ಮ ಉದಾಹರಣೆಯಲ್ಲಿ 24,250ರ ಕಾಲ್ ಮತ್ತು 22,250ರ ಪುಟ್ ಎರಡಕ್ಕೂ ಸೇರಿ 150 ಅಂಕ ಕೊಟ್ಟೆವು ಎನ್ನೋಣ. ಕೈಯಲ್ಲಿ ಉಳಿಯುವುದು 550. ಸರಿಸಮ ಬಿಂದುಗಳು 22,700 ಮತ್ತು 23,800ಕ್ಕೆ ಒಳಸರಿಯುತ್ತವೆ. ಪ್ರತಿಯಾಗಿ ನಿಫ್ಟಿ ಎಲ್ಲಿಗೇ ಹೋಗಲಿ, ಅವಧಿಯ ಕೊನೆಗೆ ನಷ್ಟ 1,000ದಲ್ಲಿ 550 ಕಳೆದ 450 ಅಂಕ ದಾಟದು, ಲಾಟಿಗೆ 11,250. ಜೂನ್ 4ರ ಮಧ್ಯಾಹ್ನ ಪುಟ್ 1,968 ಆದಾಗಲೂ ಕೊಂಡಿಟ್ಟ ಪುಟ್ ಅದರಲ್ಲಿ 968 ಅಂಕಗಳನ್ನು ಹಿಂದಿರುಗಿಸುತ್ತಿತ್ತು. ಮಾರ್ಜಿನ್ ಸಂದೇಶ ಬರುವ ಸಂಭವವೂ ಕಡಿಮೆ, ಏಕೆಂದರೆ ಕೆಟ್ಟ ಸನ್ನಿವೇಶಕ್ಕೂ ಒಂದು ತಳ ಸಿಕ್ಕಿದೆ. ಗುರುವಾರದವರೆಗೆ ಕೂರಲು ಸಾಧ್ಯವಾಗುತ್ತಿದ್ದದ್ದು ಇಂಥವನಿಗೇ. ಅವನ ಪಾಲಿಗೆ 121 ಅಂಕ, ಸುಮಾರು 3,035 ರೂಪಾಯಿ ಉಳಿಯುತ್ತಿತ್ತು.

ಆದರೂ ಬಹಳ ಜನ ವಿಂಗ್ಸ್ ಕೊಳ್ಳುವುದಿಲ್ಲ. ಶಾಂತ ವಾರಗಳಲ್ಲಿ ಅದು ಪ್ರತಿ ಸಲವೂ ದಂಡವಾದಂತೆ ಕಾಣುತ್ತದೆ, ಫಲಿತಾಂಶದ ಹಿಂದಿನ ಸಂಜೆಯಂಥ ಹೊತ್ತಿನಲ್ಲಿ ಅದೂ ದುಬಾರಿ. ಕುಸಿತ ಶುರುವಾದ ಮೇಲೆ ಕೊಳ್ಳೋಣ ಎಂದುಕೊಂಡವರಿಗೆ ಮಂಗಳವಾರ ಹನ್ನೊಂದು ಗಂಟೆಗೆ 22,250ರ ಪುಟ್ ಸೋಮವಾರದ ಬೆಲೆಗೆ ಸಿಗುತ್ತಿರಲಿಲ್ಲ. ಕೊಳ್ಳುವುದಾದರೆ ವಿಂಗ್ಸನ್ನು ಮೊದಲು ಕೊಂಡು ಆಮೇಲೆ ಸ್ಟ್ರಾಡಲ್ ಮಾರಬೇಕು. ಹಾಗೆ ಮಾಡಿದರೆ ಬ್ರೋಕರ್ ಕೇಳುವ ಮಾರ್ಜಿನ್ ಕೂಡ ಮೊದಲಿನಿಂದಲೇ ಕಡಿಮೆ.